ಮನೆ ಮಾರಿದ ಲಾಭ: ಇನ್ನೊಂದು ಮನೆಗೋ, ಬಾಂಡಿಗೋ?

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಮನೆ ಮಾರಿ 40 ಲಕ್ಷ ಲಾಭ ಬಂತು ಎನ್ನೋಣ. ಶೇ 12.5ರ ದರದಲ್ಲಿ ತೆರಿಗೆ, ಸೆಸ್ ಸೇರಿ 5.2 ಲಕ್ಷ. ಇದನ್ನು ಉಳಿಸಲು ಎರಡು ದಾರಿಗಳಿವೆ: ಇನ್ನೊಂದು ಮನೆ, ಇಲ್ಲವೇ ಬಾಂಡ್. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇವು ಸೆಕ್ಷನ್ 54 ಮತ್ತು 54ಇಸಿ ಆಗಿದ್ದವು.

ಮನೆಯ ದಾರಿಯಲ್ಲಿ ಸಮಯ ಧಾರಾಳ: ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ. ಆದರೆ ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಬಳಕೆಯಾಗದ ಲಾಭವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಗೆ ಹಾಕಲೇಬೇಕು. ಸಾಮಾನ್ಯ ಎಫ್‌ಡಿ ಲೆಕ್ಕಕ್ಕಿಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ. ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿ ವಾಪಸ್.

ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಹಣಕಾಸು ಸಂಸ್ಥೆಗಳ ಬಾಂಡ್‌ಗೆ ಹಣ ಹಾಕಲು ಆರೇ ತಿಂಗಳು, ಮಿತಿ 50 ಲಕ್ಷ. ಐದು ವರ್ಷ ಮುಟ್ಟುವಂತಿಲ್ಲ, ಅಡವಿಟ್ಟು ಸಾಲವನ್ನೂ ತೆಗೆಯುವಂತಿಲ್ಲ. ಬಡ್ಡಿ ಶೇ 5.25 ಎಂದುಕೊಂಡರೂ ಅದಕ್ಕೆ ತೆರಿಗೆಯಿದೆ. ಶೇ 30ರ ಸ್ಲ್ಯಾಬ್‌ನವರ ಕೈಗೆ ಶೇ 3.6ರಷ್ಟೇ.

ಬಡ್ಡಿ ಕಡಿಮೆ ಎಂದು ಮೂಗು ಮುರಿಯುವ ಮೊದಲು ಲೆಕ್ಕ ಹಾಕಿ. ತೆರಿಗೆ ಕಟ್ಟಿದರೆ ಉಳಿಯುವುದು 34.8 ಲಕ್ಷ. ಅದು ಐದು ವರ್ಷದಲ್ಲಿ ಬಾಂಡಿಗೆ ಸಮನಾಗಲು, ತೆರಿಗೆ ಕಳೆದು ವರ್ಷಕ್ಕೆ ಸುಮಾರು ಶೇ 6.5 ಗಳಿಸಬೇಕು. ಆ ಸ್ಲ್ಯಾಬ್‌ನವರಿಗೆ ಎಫ್‌ಡಿಯಲ್ಲಿ ಅದು ಕಷ್ಟ.

ವಾಸಕ್ಕೆ ಮನೆ ಬೇಕಿದ್ದರೆ ಮನೆಯೇ ಸರಿ. ತೆರಿಗೆಗಾಗಿಯೇ ಬೇಡದ ಫ್ಲ್ಯಾಟ್ ಕೊಳ್ಳುವವರಿಗೆ ನಾನು ಬಾಂಡ್ ಹೇಳುತ್ತೇನೆ. ಲಾಭ 90 ಲಕ್ಷವಿದ್ದರೆ 50 ಬಾಂಡಿಗೆ, 40 ಮನೆಗೆ ಎಂದು ಹಂಚಲೂ ಅಡ್ಡಿಯಿಲ್ಲ.