ಮೊದಲ ಸಹಿಗೇ ಇಡೀ ಪಿಡಿಎಫ್ ಲಾಕ್ ಮಾಡಿಸಬೇಡಿ

ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಪೇಂಟಿಂಗ್ ಬಿಲ್ ಪಾಸ್ ಮಾಡಲು ಒಂದು ಪಿಡಿಎಫ್ ಫಾರಂ ಮಾಡಿಸಿದ್ದರು. ಮೊದಲು ಇಂಜಿನಿಯರ್ ಅಳತೆ ತುಂಬಿ ಸಹಿ ಮಾಡಬೇಕು. ಆಮೇಲೆ ಖಜಾಂಚಿ ಮೊತ್ತ ತುಂಬಿ ಸಹಿ ಮಾಡಬೇಕು. ಕೊನೆಗೆ ಅಧ್ಯಕ್ಷರು. ಮೂವರ ಬಳಿಯೂ ಡಿಜಿಟಲ್ ಸಹಿ ಹಾಕುವ ಡಿಎಸ್‌ಸಿ ಟೋಕನ್ ಇತ್ತು. ಫಾರಂ ಮಾಡಿಕೊಟ್ಟ ಕನ್ಸಲ್ಟೆಂಟ್, ಮೊದಲ ಸಹಿ ಬಿದ್ದ ಕೂಡಲೇ ಎಲ್ಲ ಲಾಕ್ ಆಗುವ ಹಾಗೆ ಇಟ್ಟಿದ್ದರು.

ಇಂಜಿನಿಯರ್ ಸಹಿ ಆಯಿತು. ಖಜಾಂಚಿಗೆ ಮೊತ್ತ ತುಂಬಲು ಆಗಲಿಲ್ಲ, ಸಹಿಯ ಬಾಕ್ಸ್ ಒತ್ತಿದರೂ ಏನೂ ಆಗಲಿಲ್ಲ. ಕನ್ಸಲ್ಟೆಂಟ್‌ಗೆ ಫೋನ್ ಮಾಡಿದರೆ, "ಪ್ರಿಂಟ್ ಕೊಟ್ಟು ಹೊಸ ಪಿಡಿಎಫ್ ಮಾಡ್ಕೊಳ್ಳಿ ಸಾರ್, ಅದರಲ್ಲಿ ಸಹಿ ಹಾಕಿ" ಎಂದರು. ಹಾಗೇ ಮಾಡಿದರು, ಬಿಲ್ ಪಾಸಾಯಿತು. ಆಮೇಲೆ ಅಳತೆಯ ತಕರಾರು ಎದ್ದಿತು. ಇಂಜಿನಿಯರ್ "ನಾನು ಬರೆದ ಅಂಕಿ ಇದಲ್ಲ" ಎಂದರು. ಪುಟದಲ್ಲಿ ಅವರ ಸಹಿ ಕಾಣುತ್ತಿತ್ತು, ಆದರೆ ಪ್ರಿಂಟ್ ಕೊಟ್ಟು ಮಾಡಿದ ಫೈಲ್ ಆದ್ದರಿಂದ ಅದು ಬರೀ ಚಿತ್ರ. ಮೂಲ ಫೈಲ್ ಯಾರ ಹತ್ತಿರವೂ ಇರಲಿಲ್ಲ. ಯಾರ ಮಾತು ನಿಜ ಅಂತ ತೋರಿಸುವ ದಾರಿಯೇ ಮುಚ್ಚಿತ್ತು. ಇಷ್ಟು ದುಡ್ಡಿನ ವಿಷಯದಲ್ಲಿ ಇಂಥ ಸಲಹೆ ಕೊಟ್ಟಿದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಸರಿಯಾದ ದಾರಿ ಕಷ್ಟವೇನಲ್ಲ. ಯಾರೂ ಸಹಿ ಮಾಡುವ ಮೊದಲೇ ಮೂರೂ ಸಹಿಯ ಜಾಗಗಳನ್ನು ಇಟ್ಟುಬಿಡಬೇಕು. ಅಕ್ರೋಬ್ಯಾಟ್‌ನಲ್ಲಿ ಒಂದೊಂದು ಸಹಿ ಫೀಲ್ಡ್‌ನ ಪ್ರಾಪರ್ಟೀಸ್ ತೆರೆದರೆ `Signed` ಎಂಬ ಟ್ಯಾಬ್ ಇದೆ. ಅಲ್ಲಿ `Mark as read-only` ಆರಿಸಿ. ಇಂಜಿನಿಯರ್ ಸಹಿಗೆ `Just these fields` ಕೊಟ್ಟು, ಅಳತೆಯ ಕಾಲಂಗಳನ್ನು ಮಾತ್ರ ಗುರುತು ಮಾಡಿ. ಖಜಾಂಚಿ ಸಹಿಗೆ ಮೊತ್ತದ ಕಾಲಂಗಳು. ಅಧ್ಯಕ್ಷರ ಸಹಿಗೆ ಮಾತ್ರ `All fields`. ಹೀಗಿದ್ದರೆ ಒಬ್ಬೊಬ್ಬರು ತುಂಬಿದ್ದು ಅವರ ಸಹಿಯ ಜೊತೆಗೇ ಗಟ್ಟಿಯಾಗುತ್ತದೆ, ಮುಂದಿನವರ ಜಾಗ ತೆರೆದೇ ಇರುತ್ತದೆ.

ಆದರೆ ಈ ಲಾಕ್ ಸರದಿ ಕಾಯುವುದಿಲ್ಲ. ಅಧ್ಯಕ್ಷರು ಮೊದಲೇ ಸಹಿ ಹಾಕಿಬಿಟ್ಟರೆ ಯಾರೂ ತಡೆಯುವುದಿಲ್ಲ, ಉಳಿದ ಇಬ್ಬರು ಹೊರಗೇ ಉಳಿಯುತ್ತಾರೆ. ಅದಕ್ಕೇ ಫೈಲನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬರ ಸಹಿ ಬಿದ್ದ ಫೈಲ್ ವಾಪಸ್ ಬಂದ ಮೇಲೆಯೇ ಇನ್ನೊಬ್ಬರಿಗೆ ಕಳಿಸಿ. ಇಬ್ಬರು ಬೇರೆ ಬೇರೆ ಪ್ರತಿಗೆ ಸಹಿ ಮಾಡಿದರೆ ಅವನ್ನು ಸೇರಿಸಿ ಒಂದು ಮಾಡಲು ಆಗದು. ಸೇರಿಸಿದರೆ ಸಹಿಗಳು ಕೆಡುತ್ತವೆ.

ಸಹಿ ಫೀಲ್ಡ್ ಇಡದೆ, ಪುಟದ ಮೇಲೆ ಸುಮ್ನೆ ಮೌಸ್‌ನಲ್ಲಿ ಬಾಕ್ಸ್ ಎಳೆದು ಸಹಿ ಮಾಡುವವರಿಗೂ ಒಂದು ಮಾತು. `Lock document after signing` ಎಂಬ ಟಿಕ್ ಕಂಡರೆ ಕೊನೆಯವರನ್ನು ಬಿಟ್ಟು ಬೇರೆ ಯಾರೂ ಹಾಕಬಾರದು.

ಫೈಲ್ ಕೈಗೆ ಬಂದಾಗಲೆಲ್ಲ ಸಿಗ್ನೇಚರ್ ಪ್ಯಾನೆಲ್ ತೆರೆದು ಎಷ್ಟು ಸಹಿ ಇದೆ ನೋಡಿ. ಪುಟದಲ್ಲಿ ಎರಡು ಕಂಡು ಪ್ಯಾನೆಲ್‌ನಲ್ಲಿ ಒಂದೇ ಇದ್ದರೆ, ಯಾರೋ ನಡುವೆ ಪ್ರಿಂಟ್ ಹೊಡೆದು ಹೊಸ ಫೈಲ್ ಮಾಡಿರಬಹುದು. ಅಲ್ಲಿಗೇ ನಿಲ್ಲಿಸಿ ಮೂಲ ಫೈಲ್ ಕೇಳಿ.