ಡೀಲರ್ ಹಾಕಿಕೊಟ್ಟ ಫಾಗ್ ಲ್ಯಾಂಪ್‌ಗೆ ನನ್ನ ಕಾರಿನ ವಾರಂಟಿ ಹೋಯಿತು

ಹೊಸ ಕಾರು ಬುಕ್ ಮಾಡಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕಟ್ಟಿ. ಎಷ್ಟು ವರ್ಷ ವಾರಂಟಿ ಅಂತ ಕೇಳಿ ಸುಮ್ಮನಾಗಬೇಡಿ. ಯಾವುದಕ್ಕೆ ಇಲ್ಲ, ಏನು ಮಾಡಿದರೆ ರದ್ದಾಗುತ್ತದೆ ಅಂತ ಕೇಳಿ. ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾದವರೇ ಉಲ್ಟಾ ಹೇಳಿದರು.

ನಾನು ಎರಡು ಕಂಪನಿಗಳ ಕಾರು ನೋಡಿದ್ದೆ. ಬೆಲೆ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಒಂದು ಶೋರೂಮಿನ ಸೇಲ್ಸ್ ಹುಡುಗ ಕೊಟೇಶನ್ ಹಿಂದೆ ಪೆನ್ನಲ್ಲಿ ಬರೆದು ತೋರಿಸಿದ: ‘ಅವರದ್ದು 3 ವರ್ಷ, ನಮ್ಮದು 5 ವರ್ಷ.’ ಅದನ್ನೇ ನಂಬಿ ತೆಗೆದುಕೊಂಡೆ. ಆ 5 ವರ್ಷ ಅಸಲಿಗೆ 5 ವರ್ಷ ಅಲ್ಲವೇ ಅಲ್ಲ. ಕಂಪನಿ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಉಳಿದ 2 ವರ್ಷ ಎಕ್ಸ್‌ಟೆಂಡೆಡ್ ವಾರಂಟಿ. ಅದರ ದುಡ್ಡನ್ನು ಆನ್‌ರೋಡ್ ಬೆಲೆಯಲ್ಲಿ ಸೇರಿಸಿ ನನ್ನಿಂದಲೇ ತೆಗೆದುಕೊಂಡಿದ್ದರು. ಅದಕ್ಕೆ ಬೇರೆ ಷರತ್ತು, ಬೇರೆ ಪಟ್ಟಿ. ಮೊದಲ 3 ವರ್ಷ ಸಿಗುವ ಎಷ್ಟೋ ಭಾಗಗಳು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಆದರೆ ನನಗೆ ಹೊಡೆತ ಬಿದ್ದಿದ್ದು ಬೇರೆ ಕಡೆ.

ನಮ್ಮೂರು ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಕೊಟ್ಟಿಗೆಹಾರ, ಚಾರ್ಮಾಡಿ ದಾಟಬೇಕೆಂದರೆ ಫಾಗ್ ಲ್ಯಾಂಪ್ ಬೇಕೇ ಬೇಕು. ನಾನು ತೆಗೆದುಕೊಂಡ ಮಧ್ಯದ ವೇರಿಯಂಟಿನಲ್ಲಿ ಅದು ಇರಲಿಲ್ಲ. ಅದೇ ಹುಡುಗ ಹೇಳಿದ: ‘ಅದಕ್ಕೋಸ್ಕರ ಟಾಪ್ ವೇರಿಯಂಟ್ ಯಾಕೆ ಸಾರ್? ನಮ್ಮ ಆಕ್ಸೆಸರಿ ಕೌಂಟರಲ್ಲೇ ಹಾಕಿಸಿಕೊಡ್ತೀನಿ. ಹೊರಗಡೆ ಮಾತ್ರ ಹಾಕಿಸಬೇಡಿ, ವಾರಂಟಿ ಹೋಗುತ್ತೆ. ನಮ್ಮಲ್ಲಾದ್ರೆ ಏನೂ ತೊಂದರೆ ಇಲ್ಲ.’ ಈ ಮಾತನ್ನು ನೆನಪಿಡಿ. ನಮ್ಮಲ್ಲಾದ್ರೆ ಏನೂ ತೊಂದರೆ ಇಲ್ಲ!

ಎರಡನೇ ಮಳೆಗಾಲದಲ್ಲಿ ಶುರುವಾಯಿತು. ಮೊದಲು ಪಾರ್ಕಿಂಗ್ ಲೈಟ್ ಹೋಯಿತು. ಆಮೇಲೆ ಇಂಡಿಕೇಟರ್ ತನ್ನಿಷ್ಟಕ್ಕೆ ನಿಲ್ಲುತ್ತಿತ್ತು. ಕೊನೆಗೆ ಸೆಂಟ್ರಲ್ ಲಾಕ್ ಕೂಡ ಕೈಕೊಟ್ಟಿತು. ಅದೇ ಡೀಲರಿನ ವರ್ಕ್‌ಶಾಪಿಗೆ ಬಿಟ್ಟೆ. ಸ್ಕ್ಯಾನ್ ಮಾಡಿ ಬಿಸಿಎಂ ಹೋಗಿದೆ ಅಂದರು. ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಲೈಟು, ಲಾಕು, ವೈಪರುಗಳನ್ನೆಲ್ಲ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಹೋಗಲಿ, ವಾರಂಟಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ.

ಸರ್ವಿಸ್ ಅಡ್ವೈಸರ್ ನನ್ನನ್ನು ಕರೆದು ಬಾನೆಟ್ ಎತ್ತಿಸಿದರು. ಹೆಡ್‌ಲ್ಯಾಂಪ್ ಹಿಂದೆ ಕಪ್ಪು ಟೇಪ್ ಸುತ್ತಿದ ಒಂದು ವೈರ್ ತೋರಿಸಿದರು. ‘ನೋಡಿ ಸಾರ್, ವೈರ್ ಕಟ್ ಮಾಡಿದ್ದಾರೆ. ಎಲೆಕ್ಟ್ರಿಕಲ್ ವಾರಂಟಿ ಪೂರ್ತಿ ವಾಯ್ಡ್ ಆಗುತ್ತೆ.’

ಇದನ್ನು ಹಾಕಿದ್ದು ನಿಮ್ಮವರೇ ಅಲ್ವಾ ಅಂದೆ.

‘ಆಕ್ಸೆಸರಿ ಕೌಂಟರ್ ಬೇರೆ ಸಾರ್. ನಾವು ವರ್ಕ್‌ಶಾಪ್.’

ಒಂದೇ ಕಾಂಪೌಂಡು, ಒಂದೇ ಬೋರ್ಡು, ಒಂದೇ ಹೆಸರಿನ ಬಿಲ್! ಪಕ್ಕದಲ್ಲಿ ನನ್ನ ಭಾವಮೈದ ನಿಂತಿದ್ದ. ನಾನು ಬೇಡ ಅಂದ ಆ 3 ವರ್ಷದ ಕಾರನ್ನೇ ಅವನು ತೆಗೆದುಕೊಂಡಿದ್ದ. ನಂದು 5 ವರ್ಷ ಅಂತ ಅವನ ಮುಂದೆ ಎಷ್ಟು ಹೇಳಿದ್ದೆನೋ. ಆ ಹೊತ್ತು ತಲೆ ಎತ್ತಲು ಆಗಲಿಲ್ಲ.

ಆದದ್ದೇನು ಅಂತ ಆಮೇಲೆ ಊರಿನ ಎಲೆಕ್ಟ್ರಿಷಿಯನ್ ಬಿಡಿಸಿ ಹೇಳಿದರು. ಫಾಗ್ ಲ್ಯಾಂಪಿಗೆ ಬ್ಯಾಟರಿಯಿಂದ ಬೇರೆ ಲೈನ್ ಎಳೆದು, ಮಧ್ಯೆ ಫ್ಯೂಸ್ ಮತ್ತು ರಿಲೇ ಹಾಕಬೇಕು. ನನ್ನ ಕಾರಿನಲ್ಲಿ ಪಾರ್ಕಿಂಗ್ ಲೈಟಿನ ವೈರನ್ನೇ ಸುಲಿದು ಅಲ್ಲಿಂದ ಕರೆಂಟ್ ತೆಗೆದಿದ್ದರು. ಪಾರ್ಕಿಂಗ್ ಬಲ್ಬ್ 5 ವ್ಯಾಟ್‌ನದ್ದು. ಹಾಕಿದ ಫಾಗ್ ಲ್ಯಾಂಪ್ ಒಂದೊಂದೂ 55 ವ್ಯಾಟ್. ಎರಡೂ ಸೇರಿ 12 ವೋಲ್ಟ್‌ನಲ್ಲಿ 9 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತವೆ. ಆ ಲೈನಿಗೆ ಕರೆಂಟ್ ಕೊಡುವುದು ಬಿಸಿಎಂ. ಇಷ್ಟು ಭಾರಕ್ಕೆ ಅದನ್ನು ಮಾಡಿಯೇ ಇಲ್ಲ. ಕೆಟ್ಟಿದ್ದು ಅವರ ಕೆಲಸದಿಂದ, ದುಡ್ಡು ಕೊಟ್ಟಿದ್ದು ನಾನು. ಕೂಲಿ ಸೇರಿ 18,000 ರೂಪಾಯಿ ದಾಟಿತು.

ಸೇಲ್ಸ್ ಹುಡುಗನಿಗೆ ಫೋನ್ ಮಾಡಿದೆ. ‘ನಾನು ಹಾಗೆ ಹೇಳಿಲ್ಲ ಸಾರ್’ ಅಂದ. ಕಸ್ಟಮರ್ ಕೇರ್‌ಗೆ ಮಾಡಿದರೆ, ‘ಅದು ಡೀಲರ್ ಹಂತದ ವಿಷಯ, ಅವರನ್ನೇ ಸಂಪರ್ಕಿಸಿ.’ ಡೀಲರ್ ಮ್ಯಾನೇಜರ್ ಕೇಳಿದರೆ, ‘ವಾರಂಟಿ ಕೊಡೋದು ಕಂಪನಿ, ನಮ್ಮ ಕೈಯಲ್ಲಿ ಏನಿದೆ?’ ಅವನು ಇವನ ಕಡೆ, ಇವನು ಅವನ ಕಡೆ. ಬಿಲ್ ತೋರಿಸಿದೆ. ಅದರಲ್ಲಿ ‘ಎಲೆಕ್ಟ್ರಿಕಲ್ ಫಿಟ್ಟಿಂಗ್’ ಅಂತ ಮಾತ್ರ ಇತ್ತು. ಕಂಪನಿಯ ಪಾರ್ಟ್ ನಂಬರ್ ಇಲ್ಲ, ಹಾಗಾಗಿ ಅದು ಕಂಪನಿಯ ಮಾಲಲ್ಲ, ಲೋಕಲ್ ಮಾಲು ಅಂದರು. ತಾವೇ ಮಾರಿದ್ದನ್ನು ತಾವೇ ಲೋಕಲ್ ಅನ್ನುತ್ತಾರೆ!

ಭಾವಮೈದನ ಕಾರಿನ ವಾರಂಟಿ ಬುಕ್ಲೆಟ್ ತಂದು ನನ್ನದರ ಪಕ್ಕ ಇಟ್ಟು ಓದಿದೆ. ವ್ಯತ್ಯಾಸ ಇರುವುದು ವರ್ಷದಲ್ಲಲ್ಲ. ಅವನದರಲ್ಲಿ, ಹೊರಗಿನ ಸಾಮಾನು ಹಾಕಿ ಅದರಿಂದ ಏನಾದರೂ ಕೆಟ್ಟರೆ ಆ ಹಾನಿಗೆ ವಾರಂಟಿ ಇಲ್ಲ ಅಂತ ಇದೆ. ನನ್ನದರಲ್ಲಿ, ವೈರಿಂಗ್ ಎಲ್ಲಿ ಕತ್ತರಿಸಿದ್ದರೂ ಎಲೆಕ್ಟ್ರಿಕಲ್ ಭಾಗಗಳ ವಾರಂಟಿ ಪೂರ್ತಿ ರದ್ದು ಅಂತ ಇದೆ. ಅಂದರೆ ನಾಳೆ ನನ್ನ ಪವರ್ ವಿಂಡೋ ಮೋಟಾರ್ ಕೆಟ್ಟರೂ, ಫಾಗ್ ಲ್ಯಾಂಪಿಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೂ, ನನಗೆ ಏನೂ ಸಿಗುವುದಿಲ್ಲ. ಎರಡು ಕಾರು ಹೋಲಿಸುವಾಗ ಮೊದಲು ಈ ಸಾಲನ್ನು ಹುಡುಕಿ.

ಸವೆಯುವ ಭಾಗಗಳ ಪಟ್ಟಿ ಇನ್ನೊಂದು. ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಫಿಲ್ಟರ್, ಬಲ್ಬ್ ಎಲ್ಲ ಕಂಪನಿಯಲ್ಲೂ ಹೊರಗೇ ಇರುತ್ತವೆ, ಅದಕ್ಕೆ ಜಗಳವಿಲ್ಲ. ಟೈರ್, ಬ್ಯಾಟರಿಗೆ ಅವನ್ನು ಮಾಡುವ ಕಂಪನಿಯನ್ನೇ ಕೇಳಬೇಕು. ನೋಡಬೇಕಾದ್ದು ಕ್ಲಚ್ ಮತ್ತು ಸಸ್ಪೆನ್ಶನ್ ಬುಶ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ ಒತ್ತಿ ಒತ್ತಿ ಪ್ಲೇಟ್ ಬೇಗ ಸವೆಯುತ್ತದೆ. ಕ್ಲಚ್ ಬಗ್ಗೆ ಕೇಳಿದರೆ ಎಲ್ಲರೂ ಹೇಳುವುದು ಒಂದೇ, ‘ಅದು ನಿಮ್ಮ ಡ್ರೈವಿಂಗ್ ಸಾರ್.’ ತಯಾರಿಕೆಯಲ್ಲೇ ದೋಷ ಇದ್ದರೆ ಅದನ್ನು ಯಾರು ನೋಡಿ ತೀರ್ಮಾನಿಸುತ್ತಾರೆ, ಬುಶ್‌ಗೆ ಎಷ್ಟು ಕಿಲೋಮೀಟರ್‌ವರೆಗೆ ಕೊಡುತ್ತಾರೆ, ಇದನ್ನು ಬುಕ್ಲೆಟ್ಟಿನಲ್ಲಿ ನೋಡಿ. ಸೇಲ್ಸ್‌ನವರ ಬಾಯಲ್ಲಿ ಅಲ್ಲ.

ಕಾರು ಕಡಿಮೆ ಓಡಿಸುವವರು ಸರ್ವಿಸ್ ಷರತ್ತನ್ನೂ ನೋಡಿ. ನನ್ನದರಲ್ಲಿ 10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು. ಕಿಲೋಮೀಟರ್ ಇನ್ನೂ ಆಗಿಲ್ಲ ಅಂತ ಬಿಟ್ಟರೆ ವರ್ಷ ದಾಟಿರುತ್ತದೆ. ಮುಂದೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟೇ ಸಾಕು.

ಬುಕ್ಲೆಟ್ ಡೆಲಿವರಿ ದಿನ ಡ್ಯಾಶ್‌ಬೋರ್ಡ್ ಒಳಗೆ ಇಟ್ಟು ಕೊಡುತ್ತಾರೆ. ಅಷ್ಟೊತ್ತಿಗೆ ಪೂರ್ತಿ ದುಡ್ಡು ಕಟ್ಟಿ ಆಗಿರುತ್ತದೆ. ಬುಕ್ ಮಾಡುವ ಮೊದಲೇ ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಆ ಶೋರೂಮ್ ಬಿಟ್ಟು ಬನ್ನಿ. ಎಕ್ಸ್‌ಟೆಂಡೆಡ್ ವಾರಂಟಿಯ ಪಟ್ಟಿಯನ್ನು ಬೇರೆಯಾಗಿ ಕೇಳಿ. ಏನಾದರೂ ಹಾಕಿಸಲೇಬೇಕಿದ್ದರೆ ಬಿಲ್ಲಿನಲ್ಲಿ ಕಂಪನಿಯ ಪಾರ್ಟ್ ನಂಬರ್ ಬರೆಸಿ. ವೈರ್ ಕತ್ತರಿಸದೆ ಕಪ್ಲರ್ ಸಿಕ್ಕಿಸಿ ಹಾಕುವ ಕಿಟ್ ಇದ್ದರೆ ಮಾತ್ರ ಹಾಕಿಸಿ, ಎದುರಿಗೇ ನಿಂತು ನೋಡಿ. ಕೈಯಲ್ಲಿ ಕಟರ್ ಮತ್ತು ಟೇಪ್ ಹಿಡಿದು ಬಂದರೆ ಅಲ್ಲೇ ನಿಲ್ಲಿಸಿ.

ಕ್ಲೇಮ್ ಆಗಲ್ಲ ಅಂದರೆ ಕಾರಣವನ್ನು ಜಾಬ್ ಕಾರ್ಡ್ ಮೇಲೆ ಬರೆದುಕೊಡಿ ಅಂತ ಪಟ್ಟು ಹಿಡಿಯಿರಿ. ನನಗೆ ಬರೆದುಕೊಡಲು ತುಂಬಾ ಸತಾಯಿಸಿದರು. ‘ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ’ ಅಂದರು. ಕೊನೆಗೆ ಮ್ಯಾನೇಜರ್ ಸಹಿ ಮಾಡಿ ಕೊಟ್ಟರು. ಆ ಕಾಗದ, ಫಿಟ್ಟಿಂಗ್ ಬಿಲ್, ಟೇಪ್ ಸುತ್ತಿದ ವೈರಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಡೀಲರಿನಲ್ಲೇ ಹಾಕಿಸಿದ ಆಕ್ಸೆಸರಿಗೆ ವಾರಂಟಿ ರದ್ದು ಮಾಡಿಸಿಕೊಂಡವರು ಇನ್ನೂ ಯಾರಾದರೂ ಇದ್ದರೆ, ನಿಮ್ಮ ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇದೆಯಾ ನೋಡಿ ನನಗೆ ತಿಳಿಸಿ.