ಹೋದ ವರ್ಷದ ನಂಬರ್ ಒನ್, ಐದು ಸ್ಟಾರ್, ನಿಫ್ಟಿ 50: ಮೂರು ಎಸ್‌ಐಪಿಗಳ ಹೋಲಿಕೆ

ಮ್ಯೂಚುವಲ್ ಫಂಡ್‌ಗಳಲ್ಲಿ ಒಂದೇ ಮೊತ್ತದಿಂದ ಶುರುಮಾಡಿ ಮೂರು ಎಸ್‌ಐಪಿ ನಡೆಸಿಕೊಂಡು ಬಂದಿದ್ದೇನೆ. ಮೊದಲನೆಯದು ಹಿಂದಿನ ವರ್ಷ ಸೆಕ್ಟರ್ ಫಂಡ್‌ಗಳ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದಕ್ಕೆ, ಜನವರಿ ಬಂದಂತೆ ಬದಲಿಸುತ್ತಾ. ಎರಡನೆಯದು ಐದು ಸ್ಟಾರ್‌ನ ಲಾರ್ಜ್ ಕ್ಯಾಪ್ ಫಂಡಿಗೆ. ಮೂರನೆಯದು ನಿಫ್ಟಿ 50 ಇಂಡೆಕ್ಸ್ ಫಂಡಿಗೆ.

ಮೊದಲನೆಯದು ಬೇಗ ಸುಸ್ತು ಮಾಡಿಸಿತು. 2020ರಲ್ಲಿ ನಿಫ್ಟಿ ಫಾರ್ಮಾ ಸೂಚ್ಯಂಕ ಸುಮಾರು ಶೇ. 60 ಏರಿತ್ತು; 2021ರಲ್ಲಿ ಏರಿದ್ದು ಶೇ. 10ರಷ್ಟು, ಅದೇ ವರ್ಷ ನಿಫ್ಟಿ 50 ಶೇ. 24. ಆಗ ಮೆರೆದದ್ದು ಐಟಿ, ಶೇ. 60ರ ಹತ್ತಿರ. ಅದನ್ನು ನೋಡಿ 2022ರ ಜನವರಿಯಲ್ಲಿ ಐಟಿಗೆ ಬಂದವರಿಗೆ ವರ್ಷದ ಕೊನೆಗೆ ನೂರು ರೂಪಾಯಿ 74 ಆಗಿತ್ತು. ನಿಫ್ಟಿ 50ರಲ್ಲಿ 104. ಪಟ್ಟಿಯಲ್ಲಿ ಮೊದಲು ಬರಬೇಕಾದರೆ ಒಂದೇ ವಲಯದ ಮೇಲೆ ದುಡ್ಡೆಲ್ಲ ಸುರಿದಿರಬೇಕು, ಆ ವಲಯದ ಗಾಳಿಯೂ ಬೀಸಿರಬೇಕು. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಷೇರುಗಳ ಬೆಲೆ ಏರಿ ಕೂತಿರುತ್ತದೆ. ಬೇಗ ಮಾರಿದರೆ ಹಲವು ಫಂಡ್‌ಗಳಲ್ಲಿ ಎಕ್ಸಿಟ್ ಲೋಡ್ ಎಂಬ ಶುಲ್ಕ, ಲಾಭವಿದ್ದರೆ ತೆರಿಗೆ ಬೇರೆ.

ಸ್ಟಾರ್‌ಗಳು ಇದಕ್ಕಿಂತ ವಾಸಿ. ಫಂಡ್‌ಗಳಿಗೆ ರೇಟಿಂಗ್ ಕೊಡುವ ಮಾರ್ನಿಂಗ್‌ಸ್ಟಾರ್ ಸಂಸ್ಥೆಯ ಲೆಕ್ಕದಲ್ಲಿ ರಿಸ್ಕ್ ಕಳೆದು ನೋಡಿದಾಗ ಅದೇ ಗುಂಪಿನ ಮೇಲಿನ ಶೇ. 10 ಫಂಡ್‌ಗಳಿಗೆ ಐದು, ನಂತರದ ಶೇ. 22.5ಕ್ಕೆ ನಾಲ್ಕು. ಎಲ್ಲವೂ ಕಳೆದುಹೋದ ವರ್ಷಗಳ ಅಂಕ. ಒಳ್ಳೆಯ ತಿಂಗಳುಗಳು ಲೆಕ್ಕದ ಅವಧಿಯಿಂದ ಜಾರಿದರೆ ಸ್ಟಾರೂ ಜಾರುತ್ತದೆ. ನನ್ನದು ಮೂರಕ್ಕಿಳಿಯಿತು, ಮ್ಯಾನೇಜರ್ ಅವರೇ, ಬಹುಪಾಲು ಷೇರುಗಳೂ ಅವೇ.

ಆದರೆ ನನ್ನ ತಕರಾರು ಪಟ್ಟಿಯಲ್ಲಿ ಇಲ್ಲದ ಹೆಸರುಗಳ ಬಗ್ಗೆ. ಒಂದು ಫಂಡ್ ಕಂಪನಿಗೆ ಬಹುತೇಕ ವರ್ಗಗಳಲ್ಲಿ ಒಂದೊಂದೇ ಸ್ಕೀಮ್ ಎಂದು 2017ರ ಅಕ್ಟೋಬರ್‌ನಲ್ಲಿ ಸೆಬಿ ಹೇಳಿದ ಮೇಲೆ 2018ರಲ್ಲಿ ಸಾಲುಸಾಲು ವಿಲೀನ ನಡೆಯಿತು. ನನ್ನ ಹಳೆಯ, ಮಂಕಾಗಿದ್ದ ಒಂದು ಫಂಡಿಗೂ ಮೇಲ್ ಬಂತು: ಇನ್ನೊಂದು ಸ್ಕೀಮಿಗೆ ಸೇರಿಸುತ್ತೇವೆ, ಬೇಡವಾದರೆ 30 ದಿನದೊಳಗೆ ಲೋಡ್ ಇಲ್ಲದೆ ಹೊರಬನ್ನಿ. ಆಮೇಲಿನ ಸ್ಟೇಟ್‌ಮೆಂಟಿನಲ್ಲಿ ಹೊಸ ಹೆಸರು, ಹೊಸ ಯೂನಿಟ್. ಹತ್ತು ವರ್ಷದ ರಿಟರ್ನ್ ಪಟ್ಟಿ ತೆಗೆದರೆ ಹಳೆಯದರ ಸುಳಿವೇ ಇಲ್ಲ.

ಹತ್ತು ಫಂಡ್‌ಗಳಿದ್ದವು ಅಂದುಕೊಳ್ಳಿ. ಉಳಿದ ಏಳರ ಸರಾಸರಿ ಶೇ. 12, ಮುಚ್ಚಿಹೋದ ಮೂರರದ್ದು ಶೇ. 7. ಪಟ್ಟಿ ತೋರಿಸುವುದು 12. ಆರಂಭದಲ್ಲಿ ಹತ್ತರಲ್ಲೂ ಸಮವಾಗಿ ಹಾಕಿದ್ದವರ ಸರಾಸರಿ 10.5. ಅನುಮಾನ ಬಂದರೆ ಸ್ಕೀಮ್ ದಾಖಲೆಯಲ್ಲಿ ಹೆಸರಿನ ಪಕ್ಕ ‘ಈ ಮೊದಲು ಇಂಥ ಹೆಸರಿನದು’ ಎಂದಿದೆಯೇ ನೋಡಿ, ಹಳೆಯ ಎನ್‌ಎವಿಯನ್ನು, ಅಂದರೆ ಯೂನಿಟ್ ಬೆಲೆಯನ್ನು, ಫಂಡ್ ಕಂಪನಿಗಳ ಸಂಘವಾದ ಆಂಫಿಯ ಸೈಟಿನಲ್ಲಿ ಹುಡುಕಿ.

ಇಂಡೆಕ್ಸ್ ಫಂಡ್ ಪಟ್ಟಿಯ ತುದಿಗೆ ಒಮ್ಮೆಯೂ ಬಂದಿಲ್ಲ, ಬರುವುದೂ ಇಲ್ಲ. ಆದರೂ ದೊಡ್ಡ ಮೊತ್ತ ಈಗ ಅಲ್ಲಿಗೇ ಹೋಗುತ್ತದೆ, ಯಾಕೆಂದರೆ ಅದರ ಚರಿತ್ರೆಯಲ್ಲಿ ಸತ್ತವರ ಲೆಕ್ಕವೂ ಇದೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ನಿಫ್ಟಿಯಿಂದ ಹೊರಬಿದ್ದು ಶ್ರೀ ಸಿಮೆಂಟ್ ಒಳಬಂತು. ಹೊರಬೀಳುವ ದಿನದವರೆಗಿನ ಯೆಸ್ ಬ್ಯಾಂಕಿನ ಕುಸಿತವೆಲ್ಲ ಸೂಚ್ಯಂಕದ ಅಂಕಿಯಲ್ಲಿ ಹಾಗೇ ಉಳಿದಿದೆ.